ಕೊಂಬಿಲ್ಲದ ನೆರಳು

ರಾಕ್ಷಸರಿಗೆ ಬಣ್ಣ ಬಳಿದು ಸಂಬಳ ತಂದ ಹೆಂಗಸು ನಮ್ಮ ಬಂಧುಬಳಗದಲ್ಲಿ ನಾನೊಬ್ಬಳೇ. ನಮ್ಮದು ತಿರುವಲ್ಲಿಕೇಣಿಯಲ್ಲಿ ಅಜ್ಜನ ಕಾಲದಿಂದ ನೆಲೆಸಿದ ಮಾಧ್ವರ ಮನೆ. ಅಪ್ಪ ಇನ್ಶೂರೆನ್ಸ್ ಕಚೇರಿಯಲ್ಲಿ ಗುಮಾಸ್ತ, ಅಣ್ಣ ರೈಲ್ವೇ. ನಾನು ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿ, ಯಾವುದಾದರೂ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಟೀಚರಾಗಿ ತೆಪ್ಪಗಿರಬೇಕಾದವಳು, ಕೋಡಂಬಾಕ್ಕದ ರೈಲ್ವೇ ಗೇಟಿನ ಆಚೆಗಿದ್ದ ಒಂದು ಸಿನಿಮಾ ಸ್ಟುಡಿಯೋ ಸೇರಿಕೊಂಡೆ. ಅಮ್ಮ ಅದನ್ನು ನೆಂಟರ ಮುಂದೆ 'ಆಫೀಸು' ಅನ್ನುತ್ತಿದ್ದಳು. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಸಿನಿಮಾ ಎಂದರೆ ಮನೆಯಲ್ಲಿ ಕುಷ್ಠದ ಹೆಸರು ಹೇಳಿದಷ್ಟು ಮುಖ ಸಿಂಡರಿಸುತ್ತಿದ್ದರು, ಸಂಬಳ ಬಂದ ದಿನ ಮಾತ್ರ ಯಾರ ಮುಖವೂ ಕೆಡುತ್ತಿರಲಿಲ್ಲ.

ನಮ್ಮ ವಿಭಾಗ ಸ್ಟುಡಿಯೋದ ಹಿಂಭಾಗದಲ್ಲಿದ್ದ ಕಲ್ನಾರು ಶೀಟಿನ ಷೆಡ್ಡು. ಎಲ್ಲರೂ ಅದನ್ನು ಟ್ರಿಕ್ ಡಿಪಾರ್ಟ್‌ಮೆಂಟ್ ಎನ್ನುತ್ತಿದ್ದರು. ನಿಜವಾದ ನಟರನ್ನು ತೆಗೆದ ಫಿಲ್ಮಿನ ಮೇಲೆ ನಾವು ಬರೆದ ಬೊಂಬೆಯನ್ನು ಕೂರಿಸಿ, ಇಬ್ಬರೂ ಒಂದೇ ಅರಮನೆಯಲ್ಲಿ ನಿಂತು ಜಗಳವಾಡುತ್ತಿದ್ದಾರೆ ಎಂದು ಜನ ನಂಬುವ ಹಾಗೆ ಮಾಡುವುದು ನಮ್ಮ ಕೆಲಸ. ಅದರ ಮುಖ್ಯಸ್ಥರು ಕುಂಭಕೋಣದ ಕಡೆಯ ವಯಸ್ಸಾದ ಚಿತ್ರಕಾರರು. ನಾವು ಅವರನ್ನು ವಾಧ್ಯಾರ್, ಅಂದರೆ ಮೇಷ್ಟರು, ಎಂದೇ ಕರೆಯುತ್ತಿದ್ದೆವು. ಮೆತ್ತಗಿನ ಮನುಷ್ಯ, ಇರುವೆ ತುಳಿದರೂ ಕ್ಷಮೆ ಕೇಳುವ ಜಾತಿ. ನಾನು ಅದಕ್ಕೆ ಪೂರ್ತಿ ವಿರುದ್ಧ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಇದೆ, ಬಿ.ಪಿ. ಮಾತ್ರೆ ನುಂಗಿದರೂ ಇಳಿದಿಲ್ಲ.

ಆ ವರ್ಷ ತೆಗೆಯುತ್ತಿದ್ದದ್ದು ಒಂದು ಜಾನಪದ ಕತೆಯ ಚಿತ್ರ. ಒಂಟಿ ಕೊಂಬಿನ ರಾಕ್ಷಸನೊಬ್ಬ ಅರಮನೆಗೆ ನುಗ್ಗಿ ಕಾವಲುಗಾರನನ್ನು ಜಜ್ಜಿಹಾಕುವ ದೃಶ್ಯ ಅದರಲ್ಲಿತ್ತು. ರಾಕ್ಷಸ ನಮ್ಮ ಬೊಂಬೆ. ಕಾವಲುಗಾರನ ವೇಷ ಹಾಕಿದ್ದವರು ಮೈಸೂರು ಗರಡಿಯಿಂದ ಬಂದಿದ್ದ ಒಬ್ಬ ಸ್ಟಂಟ್‌ಮನ್. ನಲವತ್ತು ದಾಟಿದ್ದರು. ಪೈಲ್ವಾನರು ಎಂದರೆ ಸ್ಟುಡಿಯೋದಲ್ಲಿ ಎಲ್ಲರಿಗೂ ಗೊತ್ತು. ಅವರ ವಿಶೇಷ ಹೊಡೆಯುವುದರಲ್ಲಿ ಇರಲಿಲ್ಲ, ಬೀಳುವುದರಲ್ಲಿತ್ತು. ಮಹಡಿಯಿಂದ, ಕುದುರೆಯಿಂದ, ಉರಿಯುವ ತೊಲೆಯಿಂದ ಬಿದ್ದು ಮೈ ಕೊಡವಿಕೊಂಡು ಎದ್ದು ಬೀಡಿ ಹಚ್ಚುತ್ತಿದ್ದರು. ಸಂಜೆ ಹೊತ್ತು ವಡಪಳನಿಯ ಬಯಲಿನಲ್ಲಿ ಸ್ಟಂಟಿನ ಹುಡುಗರಿಗೆ ಬೀಳುವುದನ್ನು ಕಲಿಸುತ್ತಿದ್ದರು. ಕನ್ನಡದವಳೆಂದು ನನ್ನ ಮೇಲೆ ಅವರಿಗೆ ಪ್ರೀತಿ, ಅಮ್ಮಣ್ಣಿ ಎನ್ನುತ್ತಿದ್ದರು. ಒಮ್ಮೆ ನಮ್ಮ ಷೆಡ್ಡಿನ ಹೊಸಿಲ ಮೇಲೆ ಕೂತು, "ಗದ್ದ ಎದೆಗೆ ಇಕ್ಕೊಬೇಕು ಅಮ್ಮಣ್ಣಿ, ಭುಜದ ಮ್ಯಾಲೆ ಉಳ್ಳಬೇಕು. ಅಷ್ಟೇಯ ಇದ್ಯೆ. ಮಿಕ್ಕಿದ್ದೆಲ್ಲ ಮೇಕಪ್ಪು" ಎಂದಿದ್ದರು.

ಚಿತ್ರದ ನಿರ್ಮಾಪಕ, ನಿರ್ದೇಶಕ, ಸ್ಟುಡಿಯೋದ ಯಜಮಾನ ಎಲ್ಲವೂ ಒಬ್ಬನೇ. ಜನ ಅವನನ್ನು ಮೊದಲಾಳಿ ಎನ್ನುತ್ತಿದ್ದರು. ದೊಡ್ಡ ಹೊಟ್ಟೆ, ಮೊಣಕಾಲಿಗೆ ಮಡಿಸಿ ಕಟ್ಟಿದ ಬಿಳಿ ವೇಷ್ಟಿ, ಎಡ ಹೆಗಲ ಮೇಲೆ ಸದಾ ಒಂದು ಟರ್ಕಿ ಟವೆಲ್. ಸಿಟ್ಟು ಬಂದರೆ ಎಡಗೈಯಲ್ಲಿ ವೇಷ್ಟಿಯ ಅಂಚನ್ನು ಸೊಂಟಕ್ಕೆ ಎತ್ತಿಹಿಡಿದು ಬಲಗೈಯಲ್ಲಿ ಸಿಕ್ಕಿದ್ದನ್ನು ಬೀಸುತ್ತಿದ್ದ. ಲೈಟ್‌ಬಾಯ್‌ಗಳು ಅವನ ಎಡಗೈ ಸೊಂಟಕ್ಕೆ ಹೋದದ್ದು ಕಂಡರೆ ಸಾಕು, ಏಣಿಯ ಮೇಲಿನ ಮೆಟ್ಟಿಲಿಗೆ ಹತ್ತಿಬಿಡುತ್ತಿದ್ದರು.

ಆ ಶಾಟ್ ತೆಗೆದ ದಿನ ನಾನು ಫ್ಲೋರಿನಲ್ಲಿ ಇರಲಿಲ್ಲ. ಬೆಳಿಗ್ಗೆ ಉದ್ದ ಕೋಲಿಗೆ ಕಾಗದದ ಕೊಂಬು ಕಟ್ಟಿ ರಾಕ್ಷಸ ಎಲ್ಲಿ ನಿಲ್ಲುತ್ತಾನೆ, ಪೈಲ್ವಾನರು ಎಷ್ಟು ಎತ್ತರ ನೋಡಬೇಕು ಎಂದು ತೋರಿಸಿ ಬಂದಿದ್ದೆ ಅಷ್ಟೆ. ಕ್ಯಾಮೆರಾವನ್ನು ನೆಲಕ್ಕೆ ಸರಪಳಿಯಲ್ಲಿ ಬಿಗಿದಿದ್ದರು. ಅದು ಕೂದಲೆಳೆಯಷ್ಟು ಅಲುಗಿದರೂ ನಾವು ಆಮೇಲೆ ಕೂರಿಸುವ ರಾಕ್ಷಸ ನೆಲ ಬಿಟ್ಟು ತೇಲುತ್ತಾನೆ, ಅದಕ್ಕೇ ಈ ಜೋಪಾನ. ಪೈಲ್ವಾನರು ಖಾಲಿ ಗಾಳಿಯಲ್ಲಿ ಒಬ್ಬರೇ ಏಟು ತಿಂದ ಹಾಗೆ ಮಾಡಿ ಬೀಳಬೇಕಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಗಲಾಟೆ ಕೇಳಿಸಿತು. ಷೆಡ್ಡಿನಿಂದ ಹೊರಗೆ ಬಂದಾಗ ನಾಲ್ಕು ಜನ ಪೈಲ್ವಾನರನ್ನು ಸೆಟ್ಟಿನ ಬಾಗಿಲ ಹಲಗೆಯ ಮೇಲೆ ಮಲಗಿಸಿ ವ್ಯಾನಿಗೆ ಹೊರುತ್ತಿದ್ದರು. ಬಲಗೈ ಮೊಣಕೈಯಿಂದ ಕೆಳಗೆ ಬೇರೆ ಯಾರದೋ ಕೈ ತಂದು ಅಂಟಿಸಿದಂತೆ ತಿರುಗಿಕೊಂಡಿತ್ತು. ಕಿವಿಯಿಂದ ರಕ್ತ ಕೊರಳಿಗೆ ಇಳಿದಿತ್ತು. "ಏನಾಯ್ತು?" ಎಂದು ಕೇಳಿದೆ. ಯಾರೂ ನನ್ನ ಮುಖ ನೋಡಲಿಲ್ಲ. "ತಪ್ಪಾಗಿ ಬಿದ್ದ. ಕುಡಿದಿದ್ದ" ಎಂದ ಪ್ರೊಡಕ್ಷನ್ ಮ್ಯಾನೇಜರ್.

ಬೀಡಿ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಚಟವೇ ಇರಲಿಲ್ಲ.

ನಾಲ್ಕಾರು ದಿನಕ್ಕೆ ಆ ಶಾಟಿನ ಪ್ರಿಂಟ್ ಷೆಡ್ಡಿಗೆ ಬಂತು. ನಮ್ಮಲ್ಲಿ ಕೆಲಸ ಶುರುವಾಗುತ್ತಿದ್ದದ್ದು ಹೀಗೆ: ಅಡಿಯಲ್ಲಿ ದೀಪವಿರುವ ಗಾಜಿನ ಮೇಜಿನ ಮೇಲೆ ಎತ್ತರದಲ್ಲಿ ಕೆಳಮುಖವಾಗಿ ಕ್ಯಾಮೆರಾ ಇರುತ್ತದೆ. ಅದರೊಳಗೆ ಪ್ರಿಂಟ್ ಹಾಕಿ ಹಿಂದಿನಿಂದ ದೀಪ ಬಿಟ್ಟರೆ ಚಿತ್ರ ಕೆಳಗೆ ಮೇಜಿನ ಮೇಲಿನ ಕಾಗದದ ಮೇಲೆ ಬೀಳುತ್ತದೆ. ಕಾಗದ ಜರುಗದಿರಲೆಂದು ಅದಕ್ಕೆ ತೂತು, ತೂತಿಗೆ ಹಿತ್ತಾಳೆಯ ಗೂಟ. ಫಿಲ್ಮಿನ ಒಂದು ಚೌಕ, ಎಂದರೆ ಒಂದು ಫ್ರೇಮ್, ನಿಲ್ಲಿಸಿ ನಟ ಎಲ್ಲಿದ್ದಾನೆಂದು ಗೆರೆ ಎಳೆಯಬೇಕು, ಹಿಡಿ ತಿರುಗಿಸಿ ಮುಂದಿನ ಚೌಕಕ್ಕೆ ಹೋಗಬೇಕು, ಹೊಸ ಕಾಗದ, ಮತ್ತೆ ಗೆರೆ. ತೆರೆಯ ಮೇಲೆ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕ ಓಡುತ್ತವೆ, ಲೆಕ್ಕ ನೀವೇ ಹಾಕಿಕೊಳ್ಳಿ.

ಮೊದಲ ಚೌಕಗಳಲ್ಲಿ ಪೈಲ್ವಾನರು ಒಬ್ಬರೇ ಇದ್ದರು. ಈಟಿ ಹಿಡಿದು ಹಿಂದಕ್ಕೆ ಸರಿಯುತ್ತಿದ್ದರು. ಆಮೇಲೆ ಚಿತ್ರದ ಅಂಚಿನಿಂದ ಒಂದು ಹೊಟ್ಟೆ ಒಳಗೆ ಬಂತು. ಹೊಟ್ಟೆಯ ಹಿಂದೆ ಟವೆಲ್, ವೇಷ್ಟಿ ಎತ್ತಿಹಿಡಿದ ಎಡಗೈ. ಬಲಗೈಯಲ್ಲಿ ಲೈಟ್ ಸ್ಟ್ಯಾಂಡಿನ ಕಬ್ಬಿಣದ ಪೈಪು.

ನಾನು ಪೆನ್ಸಿಲ್ ಕೆಳಗಿಟ್ಟೆ. ವಾಧ್ಯಾರ್ ಹಿಡಿ ತಿರುಗಿಸಿದರು. ಪೈಪು ಮೇಲೆದ್ದಿತು. ಇನ್ನೂ ಮೇಲೆ. ಪೈಲ್ವಾನರ ಮುಖದಲ್ಲಿ ಇದು ನಟನೆಯಲ್ಲ ಎಂಬ ಅರಿವು ಮೂಡುವುದಕ್ಕೆ ಐದಾರು ಚೌಕ ಹಿಡಿಯಿತು. ಬಲಗೈ ಅಡ್ಡ ಹಿಡಿದರು. ಪೈಪು ಕೆಳಗಿಳಿಯಿತು, ಒಂದು ಚೌಕದಲ್ಲಿ ಮೊಣಕೈಗೆ ಇಷ್ಟು ದೂರ, ಮುಂದಿನ ಚೌಕದಲ್ಲಿ ಮುಟ್ಟಿದೆ, ಅದರ ಮುಂದಿನ ಚೌಕದಲ್ಲಿ ಆ ಕೈ ಕೈಯಾಗಿ ಉಳಿದಿರಲಿಲ್ಲ. ಆಮೇಲೆ ಎರಡನೆಯ ಏಟು ಕಿವಿಯ ಮೇಲೆ. ನಾನು ಹೊರಗೆ ಓಡಿ ಬಾದಾಮಿ ಮರದ ಬುಡದಲ್ಲಿ ಕಾರಿಕೊಂಡೆ. ಕೊಲೆ ಮಾಡುವಷ್ಟು ಸಿಟ್ಟು ಎಂದು ಜನ ಸುಮ್ಮನೆ ಮಾತಿಗೆ ಹೇಳುತ್ತಾರಲ್ಲ, ನನಗೆ ಅವತ್ತು ಅದು ನಿಜವಾಗಿ ಬಂದಿತ್ತು.

ಫ್ಲೋರಿನಲ್ಲಿದ್ದ ಸಹಾಯಕ ಕ್ಯಾಮೆರಾಮನ್ ನಮ್ಮ ಷೆಡ್ಡಿನ ಮೂಲೆಯಲ್ಲಿ ನಿಂತು ಪಿಸುಗುಟ್ಟಿ ಹೇಳಿದ. ಎಷ್ಟು ಸಲ ತೆಗೆದರೂ ಮುಖದಲ್ಲಿ ನೋವು ಬರುತ್ತಿಲ್ಲ ಎಂದು ಮೊದಲಾಳಿಗೆ ರೇಗಿತಂತೆ. ಕ್ಯಾಮೆರಾ ಓಡುತ್ತಿರುವಾಗಲೇ ಒಳಗೆ ನುಗ್ಗಿದನಂತೆ. ಕಟ್ ಎನ್ನಬೇಕಾದವನೇ ಹೊಡೆಯುತ್ತಿರುವಾಗ ಕ್ಯಾಮೆರಾ ನಿಲ್ಲಿಸುವವರು ಯಾರು? ಪೈಲ್ವಾನರು ನೆಲಕ್ಕೆ ಬಿದ್ದ ಮೇಲೆ ಪೈಪು ಎಸೆದು, "ಈಗ ಬಂತು ನೋಡು ನೋವು. ಇದೇ ಟೇಕ್. ರಾಕ್ಷಸ ನಿಲ್ಲುವ ಜಾಗದಲ್ಲೇ ನಿಂತಿದೀನಿ. ನನ್ನ ಮೇಲೆ ರಾಕ್ಷಸನನ್ನ ಬರೆಯೋಕೆ ಹೇಳಿ" ಎಂದನಂತೆ.

ಆ ಸಂಜೆ ಮೊದಲಾಳಿಯೇ ಷೆಡ್ಡಿಗೆ ಬಂದಾಗ ವಾಧ್ಯಾರ್ ಹೇಳಿದರು. ನಾನು ಅಲ್ಲೇ ಇದ್ದೆ. "ಇದನ್ನ ನಾನು ಬರೆಯೋದಿಲ್ಲ ಸಾರ್" ಎಂದು ತಮಿಳಿನಲ್ಲಿ ಅಷ್ಟೇ ಅಂದರು, ದನಿ ಕೂಡ ಏರಿಸಲಿಲ್ಲ. ಮೊದಲಾಳಿಯ ಎಡಗೈ ಸೊಂಟಕ್ಕೆ ಹೋಯಿತು. ಬಲಗೈ ವಾಧ್ಯಾರ್ ಕೂದಲು ಹಿಡಿದು ಮುಖವನ್ನು ಮೇಜಿನ ಗಾಜಿಗೆ ಕುಕ್ಕಿತು. ಒಮ್ಮೆ, ಇನ್ನೊಮ್ಮೆ. ಗಾಜು ಬಿರುಕು ಬಿಟ್ಟು, ಹಣೆ ಒಡೆದು, ಕೆಳಗಿನ ದೀಪದ ಬೆಳಕಿನಲ್ಲಿ ರಕ್ತ ಗಾಜಿನ ಮೇಲೆ ಹರಡಿದ್ದು ನನಗೆ ಕಾಣಿಸಿತು. "ಹೊಟ್ಟೆಗೆ ಅನ್ನ ಬೇಕಾದರೆ ಬರಿ. ಆದರೆ ನೋಡು, ಆ ಫೈಟರ್‌ನ ಮುಖ ಒಂದಿಷ್ಟೂ ಮುಚ್ಚಕೂಡದು. ಆ ಮುಖಕ್ಕೋಸ್ಕರವೇ ಈ ಟೇಕ್" ಎಂದು ಹೇಳಿ, ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಹೋದ.

ನಾನು ವಾಧ್ಯಾರ್ ಹಣೆಗೆ ಹತ್ತಿ ಒತ್ತಿ ಹಿಡಿದೆ. ಬೈಗುಳ ಬಾಯಿಗೆ ಬಂದಷ್ಟೂ ಬೈದೆ, ಮಡಿವಂತರ ಮನೆಯಲ್ಲಿ ಅವನ್ನೆಲ್ಲ ಎಲ್ಲಿ ಕಲಿತಿದ್ದೆನೋ. ವಾಧ್ಯಾರ್ ಬಿರುಕು ಬಿಟ್ಟ ಗಾಜನ್ನೇ ನೋಡುತ್ತಿದ್ದರು. ಕೊನೆಗೆ, "ಮುಖ ಮುಚ್ಚಕೂಡದು ಅಂದನಲ್ಲಮ್ಮಾ. ಹಾಗಾದರೆ ರಾಕ್ಷಸನನ್ನ ದೊಡ್ಡದಾಗಿ ಬರೆಯೋ ಹಾಗಿಲ್ಲ. ಇವನ ಮೈಗೆ ಅಂಟಿಕೊಂಡ ಹಾಗೆ ಬರೀಬೇಕು. ಬರೆಯೋಣ. ಒಂದು ಚೌಕವೂ ಬಿಡದೆ, ಇದ್ದದ್ದು ಇದ್ದ ಹಾಗೆ ಬರೆಯೋಣ" ಎಂದರು.

ಆ ಭಾನುವಾರ ನಾನೂ ವಾಧ್ಯಾರರೂ ಪೈಲ್ವಾನರ ಮನೆಗೆ ಹೋದೆವು. ವಡಪಳನಿಯ ಹಿಂದೆ ಗರಿ ಹೊದಿಸಿದ ಗುಡಿಸಲು. ದೊಡ್ಡಾಸ್ಪತ್ರೆಯಲ್ಲಿ ಕೈ ಕತ್ತರಿಸಬೇಕು ಅಂದದ್ದಕ್ಕೆ ಹೆದರಿ ಪುತ್ತೂರಿನ ಮೂಳೆ ವೈದ್ಯರ ಹತ್ತಿರ ಕಟ್ಟು ಹಾಕಿಸಿಕೊಂಡು ಬಂದಿದ್ದರು. ಬಿದಿರಿನ ಸೀಳಿನ ನಡುವೆ ಕೈ ಮರದ ಕೊರಡಿನಂತೆ ಮಲಗಿತ್ತು. ಒಂದು ಕಿವಿ ಪೂರ್ತಿ ಕೇಳಿಸುತ್ತಿರಲಿಲ್ಲ, ಅದಕ್ಕೆ ನಾನು ಇನ್ನೊಂದು ಬದಿಗೆ ಹೋಗಿ ಕೂತೆ.

"ಏನಾಯ್ತು ಅಂತ ನಂಗೆ ನೆಪ್ಪೇ ಇಲ್ಲ ಅಮ್ಮಣ್ಣಿ," ಎಂದರು. "ಈಟಿ ಹಿಡ್ಕಂಡು ಹಿಂದಕ್ ಹೆಜ್ಜೆ ಇಕ್ಕಿದ್ದು ಗ್ಯಾನ ಅದೆ. ಕಣ್ ಬಿಟ್ರೆ ಆಸ್ಪತ್ರೆ. ಎಲ್ರೂ ತಪ್ಪಾಗ್ ಬಿದ್ದೆ ಅಂತವ್ರೆ. ನಮ್ ಸ್ಟಂಟ್ ಸಂಘದ ಹಿರೀಕರೂ ಬಂದು ಅದ್ನೇ ಅಂದ್ರು. ಯಾವತ್ತೂ ತಪ್ಪಾಗ್ ಬಿದ್ದೋನಲ್ಲ ನಾನು."

ನಾನು ಕಂಡದ್ದನ್ನೆಲ್ಲ ಹೇಳಿದೆ. ಪೈಪು, ಮೊಣಕೈ, ಕಿವಿ. ಅವರ ಹೆಂಡತಿ ಬಾಗಿಲ ಬಳಿ ಸೆರಗು ಬಾಯಿಗೊತ್ತಿ ನಿಂತಳು. ಪೈಲ್ವಾನರು ಮಾತ್ರ ನಗುವ ಪ್ರಯತ್ನ ಮಾಡಿದರು. "ನನ್ ಮನ್ಸಿಗೆ ಸಮಾಧಾನ ಆಗ್ಲಿ ಅಂತ ಏಳ್ತಿದೀಯಾ, ತಾಯಿ. ಫ್ಲೋರಲ್ಲಿ ಅಷ್ಟು ಜನ ಇದ್ರು. ಒಬ್ರೂ ಏಳ್ನಿಲ್ವಲ್ಲ."

"ಅವರಿಗೆಲ್ಲ ಕೆಲಸ ಹೋಗೋ ಭಯ, ಪೈಲ್ವಾನರೆ. ನಾನು ಕಣ್ಣಾರೆ ನೋಡಿದೀನಿ ಅಂದರೂ ನಂಬೋದಿಲ್ವಾ?"

"ನಾನು ಬಿದ್ದಿದ್ದು ನೋಡಿದ್ಯಾ? ಎಂಗ್ ಬಿದ್ದೆ?"

ಅಷ್ಟು ಹೊತ್ತಿಗೆ ಕಿವಿಯ ಏಟಿನವರೆಗೆ ಮಾತ್ರ ಗೆರೆ ಎಳೆದಿದ್ದೆವು. ಬೀಳುವ ಚೌಕಗಳನ್ನು ನಾನಿನ್ನೂ ನೋಡಿರಲಿಲ್ಲ. ಹಾಗೆಂದು ಹೇಳಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಆಗ ನನಗೆ ಅರ್ಥವಾಯಿತು. ಯಾರು ಹೊಡೆದರು ಎನ್ನುವುದಕ್ಕಿಂತ ತಾನು ಹೇಗೆ ಬಿದ್ದೆ ಎನ್ನುವುದು ಅವರನ್ನು ತಿನ್ನುತ್ತಿತ್ತು. ಆ ಕೈಯಲ್ಲಿ ಇನ್ನು ಸ್ಟಂಟ್ ಮಾಡುವ ಮಾತಿಲ್ಲ. ಉಳಿದದ್ದು ಹುಡುಗರಿಗೆ ಕಲಿಸುವುದೊಂದೇ. ಕುಡಿದು ತಪ್ಪಾಗಿ ಬಿದ್ದವನ ಹತ್ತಿರ ಬೀಳುವುದನ್ನು ಕಲಿಯಲು ಯಾರು ಬರುತ್ತಾರೆ? ಆಗಲೇ ಬಯಲಿಗೆ ಹುಡುಗರು ಬರುವುದು ನಿಂತುಹೋಗಿತ್ತು.

ಸ್ಟಂಟ್‌ಮನ್‌ಗಳ ಸಂಘದ ಹಿರಿಯರ ಹತ್ತಿರವೂ ಹೋದೆ. ದೊಡ್ಡ ಮೀಸೆಯ, ಕಡಿಮೆ ಮಾತಿನ ಮನುಷ್ಯ. "ಫಿಲ್ಮಲ್ಲಿ ಇದೆ ಅಂತೀಯಲ್ಲಮ್ಮಾ, ತೋರಿಸು" ಎಂದರು. ಎಲ್ಲಿಂದ ತೋರಿಸಲಿ? ಸಂಜೆಯಾದರೆ ಮ್ಯಾನೇಜರ್ ಬಂದು ಪ್ರಿಂಟ್ ಡಬ್ಬ ಎಣಿಸಿ ಬೀಗ ಹಾಕಿಕೊಂಡು ಹೋಗುತ್ತಿದ್ದ. ಹಿರಿಯರು ಮೊದಲಾಳಿಯನ್ನೇ ಕೇಳಿದ್ದಕ್ಕೆ, "ರಾಕ್ಷಸ ಕೂತ ಮೇಲೆ ಎಲ್ಲರಿಗೂ ತೋರಿಸ್ತೀನಿ, ಬಂದು ನೋಡು" ಎಂದನಂತೆ.

ನಾನು ಅಲ್ಲಿಗೆ ಹೋದದ್ದು ಮ್ಯಾನೇಜರಿಗೆ ಮರುದಿನವೇ ತಿಳಿಯಿತು. ಷೆಡ್ಡಿನಲ್ಲಿ ಒಬ್ಬಳೇ ಇದ್ದಾಗ ಬಂದು ನನ್ನ ಮಣಿಕಟ್ಟು ಹಿಡಿದು ತಿರುಚಿದ. "ಚಿತ್ರ ಬರೆಯೋ ಕೈ ಅಲ್ವಾ ಇದು? ಅವನ ಕೈ ಹಾಗೆ ಆಗಬೇಕಾ?" ಎಂದ. ಮೂಳೆ ಸದ್ದು ಮಾಡಿತು. ಇನ್ನೊಂದು ಕೈಗೆ ಸಿಕ್ಕಿದ್ದು ಬೂದು ಬಣ್ಣ ತುಂಬಿದ ದಪ್ಪ ಗಾಜಿನ ಜಾಡಿ. ಅದನ್ನು ಅವನ ಮೂಗಿನ ಮೇಲೆ ಹೊಡೆದೆ. ಜಾಡಿ ಒಡೆಯಲಿಲ್ಲ, ಮೂಗು ಒಡೆಯಿತು. ರಕ್ತವೂ ಬಣ್ಣವೂ ಸೇರಿ ಅವನ ಬಿಳಿ ಷರಟು ನೋಡುವ ಹಾಗಿತ್ತು. ಹೆಂಗಸಿನ ಕೈಯಲ್ಲಿ ಏಟು ತಿಂದೆ ಎಂದು ಯಾರ ಮುಂದೆ ಹೇಳಿಯಾನು? ಮೆಟ್ಟಿಲಿಂದ ಬಿದ್ದೆ ಎಂದು ಹೇಳಿಕೊಂಡು ತಿರುಗಿದ. ಮನೆಯಲ್ಲಿ ಅಮ್ಮ ನನ್ನ ಊದಿದ ಮಣಿಕಟ್ಟು ನೋಡಿ, "ಏನೇ ಇದು? ಎಲ್ಲಿ ಅಡಿ ಬಿತ್ತು?" ಎಂದಳು. ಬಸ್ಸಿನಲ್ಲಿ ಎಂದೆ. ಎಣ್ಣೆ ಹಚ್ಚುತ್ತಾ ಅವಳು ಬಸ್ಸಿನವರಿಗೆಲ್ಲ ಶಾಪ ಹಾಕಿದಳು.

ಕೆಲಸ ಮುಂದುವರಿಯಿತು. ಮೊದಲಾಳಿಯ ಮೈಯ ಅಂಚಿಗೆ ಒಂದು ಎಳೆಯಷ್ಟೇ ಹೊರಗೆ ರಾಕ್ಷಸನ ಗೆರೆ. ಟವೆಲ್ ಮುಚ್ಚಲು ಭುಜದ ಮೇಲೆ ಜೂಲು ಬರೆದೆವು, ವೇಷ್ಟಿ ಮುಚ್ಚಲು ಹುಲಿಯ ಚರ್ಮ. ಪೈಪು ಒಂದು ದೊಡ್ಡ ಎಲುಬಾಯಿತು. ಎಡಗೈ ಮಾತ್ರ ಎಲ್ಲಿತ್ತೋ ಅಲ್ಲೇ ಇರಬೇಕಿತ್ತು, ಹುಲಿಚರ್ಮದ ಅಂಚನ್ನು ಸೊಂಟಕ್ಕೆ ಎತ್ತಿಹಿಡಿದು. ಅದನ್ನು ಸರಿಸಿದರೆ ಕೆಳಗಿನ ನಿಜವಾದ ಕೈ ಇಣುಕುತ್ತಿತ್ತು. ಪೈಲ್ವಾನರು ಅಡ್ಡ ಹಿಡಿದ ಕೈ ರಾಕ್ಷಸನ ಹೊಟ್ಟೆಯ ಮುಂದೆ ಬರುವ ಚೌಕಗಳಲ್ಲಿ ಆ ಕೈಯ ಆಕಾರವನ್ನೂ ಅಷ್ಟೇ ಜೋಪಾನವಾಗಿ ಎಳೆದು, ಅಷ್ಟು ಜಾಗದಲ್ಲಿ ರಾಕ್ಷಸನನ್ನು ಖಾಲಿ ಬಿಟ್ಟೆವು. ಇಲ್ಲದಿದ್ದರೆ ಕೈ ರಾಕ್ಷಸನ ಹಿಂದೆ ಹೋದಂತೆ ಕಾಣುತ್ತದೆ. ಆ ಮುರಿಯುವ ಕೈಯನ್ನು ನಾನು ಚೌಕ ಚೌಕವಾಗಿ ಬರೆದೆ. ಪೆನ್ಸಿಲ್ ಒತ್ತಿ ಕಾಗದ ಹರಿದಾಗ ವಾಧ್ಯಾರ್ ಹೊಸ ಕಾಗದ ಕೊಡುತ್ತಿದ್ದರು.

ಕಾಗದದ ಗೆರೆಯನ್ನು ಆಮೇಲೆ ಪಾರದರ್ಶಕ ಸೆಲ್ಯುಲಾಯಿಡ್ ಹಾಳೆಗೆ ಶಾಯಿಯಲ್ಲಿ ಇಳಿಸಿ, ಹಾಳೆಯ ಹಿಂಬದಿಗೆ ಬಣ್ಣ ತುಂಬುತ್ತಿದ್ದೆವು. ಕಪ್ಪು ಬಿಳುಪಿನ ಚಿತ್ರವಾದ್ದರಿಂದ ಬಣ್ಣವೆಂದರೆ ಬರೀ ಬೂದು, ಹತ್ತಾರು ತರದ ಬೂದು. ಪ್ರತಿ ಹಾಳೆಯನ್ನೂ ಎರಡು ಸಲ ಫೋಟೋ ತೆಗೆಯಬೇಕು. ಒಮ್ಮೆ ಕರಿಯ ಮಖಮಲ್ಲಿನ ಮೇಲಿಟ್ಟು ಮೇಲಿನಿಂದ ದೀಪ ಬಿಟ್ಟು, ಆಗ ರಾಕ್ಷಸ ಕಾಣುತ್ತಾನೆ, ಸುತ್ತ ಕತ್ತಲೆ. ಇನ್ನೊಮ್ಮೆ ಹಾಲುಗಾಜಿನ ಮೇಲಿಟ್ಟು ಕೆಳಗಿನಿಂದ ಮಾತ್ರ ದೀಪ ಬಿಟ್ಟು, ಆಗ ರಾಕ್ಷಸ ಬರೀ ಕರಿ ಆಕಾರ. ಆ ಕರಿ ಆಕಾರದ ಫಿಲ್ಮನ್ನು ಪೈಲ್ವಾನರ ಫಿಲ್ಮಿನ ಜೊತೆ ಸೇರಿಸಿ ಹೊಸ ನೆಗೆಟಿವ್‌ಗೆ ಇಳಿಸಿದರೆ ರಾಕ್ಷಸನ ಜಾಗಕ್ಕೆ ಬೆಳಕು ಬೀಳದೆ ಆ ಜಾಗ ಖಾಲಿ ಉಳಿಯುತ್ತದೆ. ನೆಗೆಟಿವ್ ಹಿಂದಕ್ಕೆ ಸುತ್ತಿ ಆ ಖಾಲಿಗೆ ರಾಕ್ಷಸನನ್ನು ಇಳಿಸಬೇಕು. ಕೂದಲೆಳೆ ತಪ್ಪಿದರೂ ಅವನ ಸುತ್ತ ಕಪ್ಪೋ ಬಿಳುಪೋ ಒಂದು ಗೆರೆ ಕುಣಿಯುತ್ತದೆ.

ಗೆರೆ ಕುಣಿಯಲಿಲ್ಲ. ಮೊದಲಾಳಿ ಮೈಯ ಒಂದು ಎಳೆಯೂ ಹೊರಗೆ ಉಳಿಯಲಿಲ್ಲ. ಅವನ ಹೊಟ್ಟೆ, ಟವೆಲ್, ಪೈಪು ಎಲ್ಲವೂ ರಾಕ್ಷಸನೊಳಗೆ ಹೋಗಿಬಿಟ್ಟವು. ಉಳಿದದ್ದು ನೆರಳು.

ಸೆಟ್ಟಿನ ಹಿಂಗೋಡೆ ಬಿಳಿ ಸುಣ್ಣದ್ದು. ಪಕ್ಕದ ದೊಡ್ಡ ದೀಪಕ್ಕೆ ಮೊದಲಾಳಿಯ ನೆರಳು ಆ ಗೋಡೆಯ ಮೇಲೆ ಪೂರಾ ಬಿದ್ದಿತ್ತು. ನಾವು ಮುಚ್ಚಿದ್ದು ಮನುಷ್ಯನನ್ನು. ಗೋಡೆಯ ಮೇಲಿನ ನೆರಳು ಗೋಡೆಯ ಜೊತೆಗೇ ಉಳಿಯಿತು. ಮೊದಲ ಪ್ರಿಂಟ್ ನೋಡಿ ಮೊದಲಾಳಿ ತೊಡೆ ತಟ್ಟಿಕೊಂಡ. "ನೆರಳು ಕೂಡ ಬಿದ್ದಿದೆಯಲ್ಲಯ್ಯಾ! ಯಾವ ಸ್ಟುಡಿಯೋದಲ್ಲಿ ಬೊಂಬೆಗೆ ನೆರಳು ಬೀಳುತ್ತೆ?" ವಾಧ್ಯಾರ್ ತಲೆ ತಗ್ಗಿಸಿಕೊಂಡು, "ನೆರಳಿಗೆ ಕೊಂಬಿಲ್ಲ ಸಾರ್. ಮತ್ತೆ ಮಾಡಬೇಕಾದರೆ ಇನ್ನೂ ಕೆಲವು ವಾರ ಬೇಕು" ಎಂದರು. ಹೇಳಬೇಕಾದ್ದನ್ನು ಅವರು ಹೇಳಿಯೇ ಹೇಳಿದರು, ನಾನು ಸಾಕ್ಷಿ. "ನೆರಳನ್ನ ಯಾರಯ್ಯಾ ನೋಡ್ತಾರೆ?" ಎಂದು ಮೊದಲಾಳಿ ನಕ್ಕುಬಿಟ್ಟ. ತನ್ನ ನೆರಳನ್ನು ತಾನೇ ಗುರುತಿಸದ ಮನುಷ್ಯನನ್ನು ನಾನು ಅವತ್ತೇ ಕಂಡದ್ದು. ದಿನವೆಲ್ಲ ಮುಂದೆ ನೋಡಿಕೊಂಡೇ ನಡೆಯುವವನಿಗೆ ಅದು ಹೇಗೆ ಗೊತ್ತಾಗಬೇಕು?

ನೆರಳನ್ನು ನೋಡುವವರು ಇದ್ದರು. ಸ್ಟಂಟಿನವರಿಗೆ ಮೊದಲು ಕಲಿಸುವ ಪಾಠಗಳಲ್ಲಿ ಅದೂ ಒಂದು. ಸೊಂಟಕ್ಕೆ ಕಟ್ಟಿದ ಹಗ್ಗ ತೆರೆಯ ಮೇಲೆ ಕಾಣದಿದ್ದರೂ ಅದರ ನೆರಳು ಗೋಡೆಯ ಮೇಲೆ ಬಿದ್ದು ಗುಟ್ಟು ರಟ್ಟು ಮಾಡುತ್ತದೆ. ಅದಕ್ಕೆ ಅವರು ಯಾವ ಫೈಟ್ ನೋಡಿದರೂ ಕಣ್ಣು ಮೊದಲು ಹೋಗುವುದು ಗೋಡೆಗೆ.

ಬಿಡುಗಡೆಗೆ ಮುಂಚೆ ಸ್ಟುಡಿಯೋದ ಪುಟ್ಟ ಥಿಯೇಟರಿನಲ್ಲಿ ತೆಂಗಿನಕಾಯಿ ಒಡೆದು, ಚಿತ್ರಕ್ಕೆ ದುಡಿದ ಎಲ್ಲರಿಗೂ ತೋರಿಸುವುದು ವಾಡಿಕೆ. ಬೆಳಗಿನ ಹೊತ್ತು. ಮುಂದಿನ ಸಾಲಿನಲ್ಲಿ ಮೊದಲಾಳಿಗೆ ಸೋಫಾ. ಸಂಘದ ಹಿರಿಯರು ತಮ್ಮ ಹುಡುಗರ ಜೊತೆ ಬಲಗಡೆ ಕೂತಿದ್ದರು. ಪೈಲ್ವಾನರೂ ಬಂದಿದ್ದರು, ಕೈ ಕೊರಳಿಗೆ ಕಟ್ಟಿಕೊಂಡು. ಹುಡುಗರು ಯಾರೂ ಅವರ ಪಕ್ಕ ಕೂರಲಿಲ್ಲ. ನಾನು ಹೋಗಿ ಕೂತೆ.

ಆ ರೀಲು ಬಂತು. ರಾಕ್ಷಸ ಒಳಗೆ ನುಗ್ಗಿದ. ಹಿಂದಿನ ಸಾಲಿನ ಹೆಂಗಸರು ಉಸಿರೆಳೆದುಕೊಂಡರು. ಎಲುಬು ಮೇಲೆದ್ದಿತು, ಕೈ ಅಡ್ಡ ಬಂತು, ಕೈ ಮುರಿಯಿತು. ಪಕ್ಕದಲ್ಲಿ ಪೈಲ್ವಾನರು ಕೊರಳಿಗೆ ಕಟ್ಟಿದ್ದ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. ಸದ್ದಿಗೆ ಯಾರೋ ತಮಟೆ ಬಾರಿಸಿ ಸೇರಿಸಿದ್ದರು. ಬಲಗಡೆಯ ಸಾಲಿನಲ್ಲಿ ಒಂದೊಂದೇ ತಲೆ ರಾಕ್ಷಸನನ್ನು ಬಿಟ್ಟು ತೆರೆಯ ಮೇಲಿನ ಅರಮನೆಯ ಹಿಂಗೋಡೆಯ ಕಡೆಗೆ ತಿರುಗಿತು.

"ನಿಲ್ಲಿಸು," ಎಂದರು ಹಿರಿಯರು. ದನಿ ಏನೂ ಜೋರಿರಲಿಲ್ಲ. "ಆ ರೀಲು ಇನ್ನೊಂದು ಸಲ ಹಾಕು."

"ಯಾವನಯ್ಯಾ ಅವನು ನನ್ನ ಥಿಯೇಟರಲ್ಲಿ ನಿಲ್ಲಿಸು ಅನ್ನೋನು?" ಎಂದ ಮೊದಲಾಳಿ. ಆಪರೇಟರ್ ಯಾರ ಮಾತು ಕೇಳಿದನೋ ಏನೋ, ರೀಲು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟ. ಮೊದಲಾಳಿ ಸೋಫಾದಿಂದ ಎದ್ದ. ಎಡಗೈ ವೇಷ್ಟಿಯ ಅಂಚನ್ನು ಸೊಂಟಕ್ಕೆ ಎತ್ತಿತು, ಬಲಗೈ ಮೇಲೆ ಹೋಯಿತು. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ನಿಂತಿದ್ದರಿಂದ ಅವನ ನೆರಳು ಹಾಗೇ ತೆರೆಯ ಮೇಲೆ ಬಿತ್ತು. ತೆರೆಯೊಳಗೆ ಅರಮನೆಯ ಗೋಡೆಯ ಮೇಲೆ ಇನ್ನೊಂದು ನೆರಳು, ಅದೇ ಹೊಟ್ಟೆ, ಹೆಗಲ ಮೇಲೆ ಅದೇ ಟವೆಲ್, ಸೊಂಟದಲ್ಲಿ ಅದೇ ಕೈ. ಎರಡಕ್ಕೂ ಕೊಂಬಿರಲಿಲ್ಲ.

ಆಮೇಲೆ ಆದದ್ದನ್ನು ಸಾಲಾಗಿ ಹೇಳಲಾರೆ. ಕುರ್ಚಿಗಳು ಮಗುಚಿದವು. ಒಬ್ಬ ಸ್ಟಂಟ್‌ಮನ್ ಎರಡು ಸಾಲು ಹಾರಿ ಮೊದಲಾಳಿಯ ಟವೆಲ್ ಹಿಡಿದು ಕೊರಳಿಗೆ ಸುತ್ತಿ ಎಳೆದ. ಇನ್ನೊಬ್ಬನ ಮುಷ್ಟಿ ಬಾಯಿಗೆ ಬಿತ್ತು, ಹಲ್ಲು ಸಿಮೆಂಟಿನ ಮೇಲೆ ಉರುಳಿದ್ದು ಕೇಳಿಸಿತು. ಮ್ಯಾನೇಜರ್ ಬಾಗಿಲ ಕಡೆ ಓಡಿದವನನ್ನು ಲೈಟ್‌ಬಾಯ್‌ಗಳೇ ಹಿಡಿದು ಹಾಕಿಕೊಂಡು ತುಳಿದರು, ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವರು. ಹೆಂಗಸರು ಚೀರುತ್ತಿದ್ದರು. ಸಜ್ಜನರು ಇಂಥ ಹೊತ್ತಿನಲ್ಲಿ ನಿಲ್ಲಿಸಿ ಎಂದು ಕೂಗಬೇಕು. ನಾನು ಕೂಗಲಿಲ್ಲ. ನನಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ವಾಧ್ಯಾರ್ ತಮ್ಮ ಹಣೆಯ ಗಾಯದ ಗುರುತನ್ನು ಬೆರಳಿನಲ್ಲಿ ಸವರಿಕೊಳ್ಳುತ್ತಾ ಗೋಡೆಗೆ ಒರಗಿ ನಿಂತಿದ್ದರು.

ಪೈಲ್ವಾನರು ಇದು ಯಾವುದನ್ನೂ ನೋಡುತ್ತಿರಲಿಲ್ಲ. ಎದ್ದು, ಹೊಡೆದಾಡುವವರ ಪಕ್ಕದಲ್ಲೇ ದಾರಿ ಮಾಡಿಕೊಂಡು ತೆರೆಯ ಹತ್ತಿರಕ್ಕೆ ಹೋದರು. ಮೊದಲ ಸಲ ಓಡಿಸಿದಾಗ ಹಿರಿಯರು ನಿಲ್ಲಿಸಿಬಿಟ್ಟಿದ್ದರು, ಬೀಳುವ ಜಾಗ ಬಂದಿರಲೇ ಇಲ್ಲ. ಈಗ ರೀಲು ತನ್ನ ಪಾಡಿಗೆ ಓಡುತ್ತಿತ್ತು. ಎರಡನೆಯ ಏಟು ಕಿವಿಗೆ ಬಿತ್ತು. ತೆರೆಯ ಮೇಲಿನ ಪೈಲ್ವಾನರ ಕಣ್ಣು ಮೇಲಕ್ಕೆ ಹೋಯಿತು, ಪ್ರಜ್ಞೆ ಹೋದದ್ದು ಯಾರಿಗಾದರೂ ಗೊತ್ತಾಗುವ ಹಾಗಿತ್ತು. ಆ ಹೊತ್ತಿಗೂ ಗದ್ದ ಎದೆಗೆ ಅಂಟಿಕೊಂಡಿತು. ಎಡಭುಜ ನೆಲ ಮುಟ್ಟಿತು, ಬೆನ್ನು ಗುಂಡಗಾಗಿ ಉರುಳಿತು, ಮುರಿದ ಕೈಯನ್ನು ಮೈ ತಾನಾಗಿ ಮೇಲಕ್ಕೆ ಎತ್ತಿ ಕಾಪಾಡಿಕೊಂಡಿತು. ತಲೆ ನೆಲಕ್ಕೆ ತಾಗಲೇ ಇಲ್ಲ. ಆ ಚೌಕಗಳನ್ನೆಲ್ಲ ಅವರ ಮನೆಗೆ ಹೋಗಿಬಂದ ಮೇಲೆ ನಾನು ಬರೆದಿದ್ದೆ, ಅವರಿಗೆ ಹೇಳಿಯೂ ಕಳಿಸಿದ್ದೆ. ಅವರು ನಂಬಿರಲಿಲ್ಲ.

ನಾನು ಅವರ ಕೇಳುವ ಕಿವಿಯ ಬದಿಗೆ ಹೋಗಿ ನಿಂತೆ. ರಾಕ್ಷಸ ಎಲುಬು ಬಿಸಾಡಿ ತೆರೆಯಿಂದ ಹೊರಗೆ ಹೋದ, ನೆರಳೂ ಅವನ ಹಿಂದೆ ಹೋಯಿತು. ಕಾವಲುಗಾರ ಒಬ್ಬನೇ ನೆಲದ ಮೇಲೆ ಉಳಿದ. ಪೈಲ್ವಾನರ ಮುಖದ ಮೇಲೆ ಬೆಳಕು ಆಡುತ್ತಿತ್ತು, ಗಲ್ಲವೆಲ್ಲ ಒದ್ದೆ.

"ಸರ್‌ಯಾಗೇ ಬಿದ್ದಿವ್ನಿ ಅಲ್ವಾ ಅಮ್ಮಣ್ಣಿ?" ಎಂದರು.

"ಸರಿಯಾಗೇ ಬಿದ್ದಿದೀರಿ, ಪೈಲ್ವಾನರೆ."

ನಮ್ಮ ಹಿಂದೆ ಹೊಡೆದಾಟ ಇನ್ನೂ ನಡೆದಿತ್ತು. ಅವರು ಆ ಕಡೆ ತಿರುಗಿ, ಮೊದಲಾಳಿಯ ಎದೆಯ ಮೇಲೆ ಕೂತಿದ್ದ ಹುಡುಗನನ್ನು ಎಡಗೈಯಲ್ಲಿ ಭುಜ ಹಿಡಿದು ಎಬ್ಬಿಸಿದರು. ಹುಡುಗ ರಕ್ತದ ಮುಷ್ಟಿ ಹಿಡಿದುಕೊಂಡೇ ನಿಂತ. "ನೋಡ್ದೇನ್ಲಾ?" ಎಂದು ತೆರೆಯ ಕಡೆ ಗದ್ದದಲ್ಲೇ ತೋರಿಸಿ, "ನಾಳೆ ಸಂಜೆ ಬಯಲ್ಗೆ ಬಾ" ಎಂದರು.